ಒಟಿಡಿಆರ್ ತೋರಿಸಿದ ದೂರ, ರಸ್ತೆ ಮೇಲಿನ ದೂರ

ತಿಪಟೂರು ಕಡೆಯ ಒಂದು ರೂಟಿನಲ್ಲಿ 24 ಫೈಬರಿನ ಕೇಬಲ್ ಬೆಳಿಗ್ಗೆ ಇದ್ದಕ್ಕಿದ್ದಂತೆ ಕಟ್ ಆಯಿತು. ಕಟ್ ಆದ ಜಾಗ ಹುಡುಕುವ ಯಂತ್ರ ಒಟಿಡಿಆರ್: ಫೈಬರಿಗೆ ಬೆಳಕಿನ ಪಲ್ಸ್ ಬಿಟ್ಟು, ವಾಪಸ್ ಬರುವ ಬೆಳಕನ್ನು ದೂರದ ಲೆಕ್ಕದಲ್ಲಿ ಗೆರೆಯಾಗಿ ತೋರಿಸುತ್ತದೆ. ಆ ಗೆರೆಗೇ ಟ್ರೇಸ್ ಅನ್ನುತ್ತೇವೆ. ಆಚೆ ತುದಿಯ ಲೇಸರ್ ಬೆಳಕು ಅದಕ್ಕೆ ಬೀಳಬಾರದು. ಹಾಗಾಗಿ ಮೊದಲು ಫೋನ್ ಮಾಡಿ ಎರಡೂ ತುದಿಯಲ್ಲಿ ಪ್ಯಾಚ್ ಕಾರ್ಡ್ ಬಿಚ್ಚಿಸಿದೆ. ಆಮೇಲೆ ಒಟಿಡಿಆರ್‌ಗೂ ನಮ್ಮ ಕಡೆಯ ಪ್ಯಾನೆಲ್‌ಗೂ ಮಧ್ಯೆ 500 ಮೀಟರಿನ ಲಾಂಚ್ ಕೇಬಲ್ ಹಾಕಿ, 1550 ನ್ಯಾನೋಮೀಟರ್, 100 ನ್ಯಾನೋಸೆಕೆಂಡ್ ಪಲ್ಸ್ ಇಟ್ಟು ಟ್ರೇಸ್ ತೆಗೆದೆ.

ಲಾಂಚ್ ಕೇಬಲ್ ಇಲ್ಲದೆ ಸುಮ್ನೆ ಅಳೆಯುವವರು ತುಂಬಾ ಜನ ಇದ್ದಾರೆ. ಆಗ ಪ್ಯಾನೆಲ್‌ನ ಕನೆಕ್ಟರ್ ಟ್ರೇಸಿನ ಮೊದಲ ದೊಡ್ಡ ಮುಳ್ಳಿನ ಕೆಳಗೇ ಮುಚ್ಚಿಹೋಗುತ್ತದೆ. ನನಗೆ ಅದು 500 ಮೀಟರಿನಲ್ಲಿ ಬೇರೆ ಮುಳ್ಳಾಗಿ ಕಂಡಿತು. ಮುಳ್ಳಿನ ಎತ್ತರ ನೋಡಿ ನಷ್ಟ ಹೇಳಲು ಆಗುವುದಿಲ್ಲ. ಅದರ ಎಡಕ್ಕೂ ಬಲಕ್ಕೂ ಇರುವ ಗೆರೆ ಎಷ್ಟು ಇಳಿದಿದೆ ಅಂತ ನೋಡಬೇಕು. ಅಲ್ಲಿ 0.8 ಡೆಸಿಬಲ್ ಇಳಿದಿತ್ತು. ಕನೆಕ್ಟರಿಗೆ 0.5 ದಾಟಿದರೆ ನಾನು ಒಪ್ಪುವುದಿಲ್ಲ. ತುದಿ ಒರೆಸಿ ಮತ್ತೆ ಹಾಕಿದೆ, 0.3 ಆಯಿತು.

ಟ್ರೇಸ್ 14.386 ಕಿಲೋಮೀಟರಿನಲ್ಲಿ ನೆಲಕ್ಕೆ ಬಿದ್ದಿತ್ತು. ನೆಟ್ಟಗೆ ಕತ್ತರಿಸಿದ ತುದಿಯಾದರೆ ಎತ್ತರದ ಮುಳ್ಳು ಬರುತ್ತದೆ. ಇಲ್ಲಿ ಮುಳ್ಳಿಲ್ಲ, ಗೆರೆ ಜಾರಿ ನಾಯ್ಸ್‌ಗೆ ಬಿದ್ದಿತ್ತು. ಹರಿದುಹೋದ ತುದಿ ಸಾಮಾನ್ಯವಾಗಿ ಹೀಗೇ ಕಾಣುತ್ತದೆ. ಕರ್ಸರ್ ಇಡಬೇಕಾದದ್ದು ಗೆರೆ ಇಳಿಯಲು ಶುರುವಾಗುವ ಜಾಗದಲ್ಲಿ, ಇಳಿದು ಮುಗಿದ ಜಾಗದಲ್ಲಲ್ಲ. ಲಾಂಚ್ ಕೇಬಲ್ ಕಳೆದರೆ 13.886 ಕಿಲೋಮೀಟರ್. ಇನ್ನೆರಡು ಫೈಬರ್ ನೋಡಿದೆ: ಒಂದು 13.884, ಇನ್ನೊಂದು 13.869. ಒಂದೇ ಏಟಿಗೆ ಕಡಿದಿದ್ದರೆ ಎಲ್ಲ ಒಂದೇ ಕಡೆ ಮುಗಿಯಬೇಕಿತ್ತಲ್ವಾ? ಕೇಬಲನ್ನು ಎಳೆದಾಡಿದ್ದಾರೆ ಅಂತ ಅಲ್ಲೇ ಅನುಮಾನ ಬಂತು.

ಆತುರದಲ್ಲಿ ಬೈಕ್ ಮೀಟರ್ ನೋಡಿಕೊಂಡು 13.9 ಕಿಲೋಮೀಟರ್ ಹೋದೆವು. ಮಣ್ಣು ಮುಟ್ಟಿದ ಗುರುತೇ ಇಲ್ಲ. ಜೊತೆಗಿದ್ದ ಹುಡುಗ "ಸಾರ್, ಇಲ್ಲೇ ಅಗೆಯೋಣ್ವಾ?" ಅಂದ. ಅಗೆದೆವು. ಕೇಬಲ್ ಗಟ್ಟಿಯಾಗಿಯೇ ಇತ್ತು.

ಒಟಿಡಿಆರ್ ಅಳೆಯುವುದು ಗಾಜಿನ ಉದ್ದವನ್ನು, ರಸ್ತೆಯ ಉದ್ದವನ್ನಲ್ಲ. ಕೇಬಲಿನೊಳಗೆ ಫೈಬರ್ ಸುತ್ತಿಕೊಂಡು ಹೋಗುತ್ತದೆ. ನಮ್ಮ ಕೇಬಲಿನಲ್ಲಿ ಅದು ಕೇಬಲಿಗಿಂತ ಸುಮಾರು ಶೇಕಡಾ 1 ಜಾಸ್ತಿ. ಜೊತೆಗೆ ಪ್ರತಿ ಜಾಯಿಂಟ್ ಗುಂಡಿಯಲ್ಲಿ ಎರಡೂ ಕಡೆ 10 ಮೀಟರ್ ಲೂಪ್ ಬಿಟ್ಟಿರುತ್ತೇವೆ. ಅದಕ್ಕೇ ಮೊದಲಿನಿಂದ ಅಳೆಯುವ ಬದಲು ಹತ್ತಿರದ ಜಾಯಿಂಟಿನಿಂದ ಅಳೆಯಬೇಕು. ಅಲ್ಲಿವರೆಗಿನ ತಪ್ಪೆಲ್ಲ ಅಲ್ಲಿಗೇ ಬಿಟ್ಟುಹೋಗುತ್ತದೆ.

ಹಳೆಯ ಟ್ರೇಸಿನ ಪ್ರಕಾರ 6ನೇ ಜಾಯಿಂಟ್ 12.142ರಲ್ಲಿತ್ತು. ಅಲ್ಲಿಂದ ಕಟ್ ಆದ ಜಾಗಕ್ಕೆ 1,744 ಮೀಟರ್ ಫೈಬರ್. ಜಾಯಿಂಟಿನ ಈಚೆ ಕಡೆಯ ಲೂಪ್ 10, ಮೋರಿ ಹತ್ತಿರ ಬಿಟ್ಟಿದ್ದ ಲೂಪ್ 20 ಕಳೆದರೆ 1,714. ಅದನ್ನು 1.01ರಿಂದ ಭಾಗಿಸಿದರೆ 1,697. ಜಾಯಿಂಟ್ ಗುಂಡಿಯಿಂದ ಅಳತೆ ಚಕ್ರ ಉರುಳಿಸಿಕೊಂಡು ಬಂದೆವು. 1,690ರ ಹತ್ತಿರ ಹೊಸದಾಗಿ ಮುಚ್ಚಿದ ಪೈಪ್‌ಲೈನ್ ಕಾಲುವೆ ಕಂಡಿತು. ಪಕ್ಕದ ಟೀ ಅಂಗಡಿಯವರು "ಬೆಳಿಗ್ಗೆ ಜೆಸಿಬಿ ಇಲ್ಲೇ ಕೆಲಸ ಮಾಡ್ತಿತ್ತು ಕಣಣ್ಣ" ಅಂದರು. ನಾವು ಮೊದಲು ಅಗೆದಿದ್ದ ಗುಂಡಿ ಸುಮಾರು 300 ಮೀಟರ್ ಮುಂದಿತ್ತು.

ಕೇಬಲ್ ಎಳೆತಕ್ಕೆ ಸಿಕ್ಕಿ ಉದ್ದಕ್ಕೂ ಹಾಳಾಗಿತ್ತು. ಹಾಗಾಗಿ 200 ಮೀಟರ್ ಹೊಸ ತುಂಡು ಹಾಕಿ, ಎರಡು ಕಡೆ ಫೈಬರ್ ಬೆಸೆದು ಸ್ಪ್ಲೈಸ್ ಮಾಡಿದೆವು. ಸ್ಪ್ಲೈಸಿಂಗ್ ಮಷೀನ್ ಎಲ್ಲದಕ್ಕೂ ನಷ್ಟ 0.02, 0.03 ಡೆಸಿಬಲ್ ಅಂತ ತೋರಿಸಿತು. ಆದರೆ ಅದು ಕ್ಯಾಮೆರಾದಲ್ಲಿ ನೋಡಿ ಹಾಕುವ ಅಂದಾಜು ಅಷ್ಟೇ. ಒಟಿಡಿಆರ್‌ನಲ್ಲಿ ಒಂದು ಫೈಬರಿನ ಮೊದಲ ಸ್ಪ್ಲೈಸ್ 0.24 ಇಳಿತ ತೋರಿಸಿತು. ಎರಡನೆಯದರಲ್ಲಿ ಗೆರೆ 0.15 ಮೇಲಕ್ಕೇ ಹತ್ತಿತ್ತು. ಹುಡುಗ ಮೊದಲನೆಯದನ್ನು ಮತ್ತೆ ಕತ್ತರಿಸಲು ಹೊರಟ. ನಾನು ತಡೆದೆ.

ಸ್ಪ್ಲೈಸ್ ಬೆಳಕನ್ನು ಜಾಸ್ತಿ ಮಾಡಲು ಸಾಧ್ಯವೇ ಇಲ್ಲ. ಹೊಸ ತುಂಡು ಬೇರೆ ಫೈಬರ್. ಅದರೊಳಗಿನಿಂದ ವಾಪಸ್ ಚದುರಿ ಬರುವ ಬೆಳಕು ಹಳೆಯದಕ್ಕಿಂತ ಸ್ವಲ್ಪ ಕಮ್ಮಿ. ಅದಕ್ಕೇ ಆ 200 ಮೀಟರ್ ಪೂರ್ತಿ ಒಂದು ಮೆಟ್ಟಿಲು ಕೆಳಗೆ ಕೂತಂತೆ ಕಾಣುತ್ತದೆ: ಒಳಗೆ ಹೋಗುವಾಗ ಸುಳ್ಳು ಇಳಿತ, ಹೊರಗೆ ಬರುವಾಗ ಸುಳ್ಳು ಏರಿಕೆ. ಆಚೆ ತುದಿಯಿಂದ ಅಳೆದರೆ ಸುಳ್ಳು ತಿರುಗುಮುರುಗಾಗುತ್ತದೆ, ನಿಜವಾದ ನಷ್ಟ ಹಾಗೇ ಉಳಿಯುತ್ತದೆ.

ಆಚೆಯಿಂದ ಅಳೆದಾಗ ಮೊದಲ ಸ್ಪ್ಲೈಸ್ ‑0.14, ಎರಡನೆಯದು 0.23 ಬಂತು. ಎರಡೂ ಕಡೆಯದನ್ನು ಕೂಡಿಸಿ ಅರ್ಧ ಮಾಡಿದರೆ ಮೊದಲನೆಯದು 0.05, ಎರಡನೆಯದು 0.04. ಎರಡೂ ಚೆನ್ನಾಗಿವೆ. ಇನ್ನೊಂದು ಫೈಬರಿನಲ್ಲಿ ಮಾತ್ರ ಒಂದು ಕಡೆಯಿಂದ 0.41, ಇನ್ನೊಂದು ಕಡೆಯಿಂದ 0.03 ಬಂತು. ಸರಾಸರಿ 0.22. ಅದನ್ನು ಕತ್ತರಿಸಿ ಮತ್ತೆ ಮಾಡಿದೆವು.

ಮುಚ್ಚಳ ಹಾಕುವ ಮೊದಲು ಹೊಸ ಜಾಯಿಂಟ್ ಎರಡರ ಫೈಬರ್ ದೂರ, ಬಿಟ್ಟ ಲೂಪಿನ ಉದ್ದ, ರಸ್ತೆ ಪಕ್ಕದ ಕಲ್ಲಿನಿಂದ ಎಷ್ಟು ಮೀಟರ್ ಅನ್ನೋದನ್ನೆಲ್ಲ ರಿಜಿಸ್ಟರಿನಲ್ಲಿ ಬರೆದೆ. 7ನೇ ಜಾಯಿಂಟಿನ ಹಳೆಯ ದೂರ ಈಗ ಹೊಂದುವುದಿಲ್ಲ, ಅದನ್ನೂ ತಿದ್ದಿದೆ.