ಇನ್ನೂರು ಜನರ ಊಟಕ್ಕೆ ಸಗಟು ಮಾರುಕಟ್ಟೆಯಿಂದ ತರಕಾರಿ: ನನ್ನ ಅನುಭವ

ನಮ್ಮ ಬಡಾವಣೆಯ ಕಾರ್ಯಕ್ರಮಕ್ಕೆ ತರಕಾರಿ ತರುವ ಕೆಲಸ ನನ್ನದು. ಮಧ್ಯಾಹ್ನ ಸುಮಾರು 200 ಜನರಿಗೆ ಊಟ. ಸಗಟು ಮಾರುಕಟ್ಟೆಯಲ್ಲಿ ಕಡಿಮೆಗೆ ಸಿಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಹಣ ನಿಜವಾಗಿ ಉಳಿಯುವುದು ಅಲ್ಲಿಗೆ ಹೊರಡುವ ಮೊದಲು ಮನೆಯಲ್ಲಿ ಕೂತು ಹಾಕುವ ಲೆಕ್ಕದಲ್ಲಿ.

ಒಬ್ಬರಿಗೆ ಹೆಚ್ಚಿದ ತರಕಾರಿ 150 ಗ್ರಾಂ ಅಂತ ಅಡುಗೆಯವರ ಜೊತೆ ಕೂತು ನಿರ್ಧರಿಸಿದೆವು. ಒಟ್ಟು 30 ಕೆಜಿ. ಈರುಳ್ಳಿ, ಟೊಮೆಟೊ ಇದರಲ್ಲಿ ಸೇರಿಲ್ಲ. ಹೆಚ್ಚಿದ ಮೇಲೆ 30 ಕೆಜಿ ಉಳಿಯಬೇಕು ಅಂದರೆ ತರಬೇಕಾದ್ದು ಅದಕ್ಕಿಂತ ಜಾಸ್ತಿ. ಆಲೂಗಡ್ಡೆ, ಕ್ಯಾರೆಟ್, ಎಲೆಕೋಸುಗಳಲ್ಲಿ ಸಿಪ್ಪೆ, ತೊಟ್ಟು, ಹೊರ ಎಲೆ, ದಿಂಡು ಅಂತ ಐದರಲ್ಲಿ ಒಂದು ಪಾಲು ಹೋಗುತ್ತದೆ. ಬೀನ್ಸ್‌ನಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಬಟಾಣಿ ಕಾಯಿಯಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಬರೀ ಸಿಪ್ಪೆ. ಒಂದು ಕೆಜಿ ಸುಲಿದರೆ ಸಿಗುವ ಕಾಳು ಹೆಚ್ಚುಕಮ್ಮಿ 400 ಗ್ರಾಂ.

ಇದು ಬೆಲೆಯನ್ನೇ ತಿರುಗಿಸಿಬಿಡುತ್ತದೆ. ಬಟಾಣಿ ಕಾಯಿ ಕೆಜಿಗೆ 40, ಬೀನ್ಸ್ 60 ಅಂತ ಇಟ್ಟುಕೊಳ್ಳಿ. ಬಟಾಣಿ ಅಗ್ಗ ಅನ್ನಿಸುತ್ತೆ ಅಲ್ವಾ? ಆದರೆ ಕಾಳಿನ ಲೆಕ್ಕದಲ್ಲಿ ಬಟಾಣಿ ಕೆಜಿಗೆ 100 ಬೀಳುತ್ತದೆ, ಹೆಚ್ಚಿದ ಬೀನ್ಸ್ 70 ಕೂಡ ದಾಟುವುದಿಲ್ಲ. ಮೇಲಾಗಿ ಕಾಳು ಸುಲಿಯಲು ಜನ ಬೇಕು. ಹಾಗಾಗಿ ನಮ್ಮ ಪಟ್ಟಿ ಹೀಗಾಯಿತು: ಆಲೂಗಡ್ಡೆ 10 ಕೆಜಿ, ಕ್ಯಾರೆಟ್ 10, ಎಲೆಕೋಸು 10, ಬೀನ್ಸ್ 7. ಬಟಾಣಿ ಕೈಬಿಟ್ಟೆವು. ಇನ್ನೊಂದು ಮಾತನ್ನೂ ಅಡುಗೆಯವರ ಹತ್ತಿರ ಮೊದಲೇ ಆಡಿಕೊಂಡೆ. ಅವತ್ತು ಬೀನ್ಸ್ ತೀರಾ ದುಬಾರಿಯಾದರೆ ಅದರ ಬದಲು ಕೋಸು ತರಬಹುದು. ಈ ಒಪ್ಪಿಗೆ ಇಲ್ಲದೆ ಹೋದರೆ ಹೇಳಿದ ಬೆಲೆಗೆ ಕೊಳ್ಳದೆ ಬೇರೆ ದಾರಿ ಇರುವುದಿಲ್ಲ.

ಕಾರ್ಯಕ್ರಮದ ಹಿಂದಿನ ದಿನ ಬೆಳಕು ಹರಿಯುವ ಮೊದಲೇ ಹೋದೆವು, ಇಬ್ಬರು. ಒಬ್ಬರು ಕೊಳ್ಳಲು, ಇನ್ನೊಬ್ಬರು ಗಾಡಿಯ ಹತ್ತಿರ ನಿಂತು ಸಾಮಾನು ನೋಡಿಕೊಳ್ಳಲು. ಮೊದಲು ಬರಿಗೈಯಲ್ಲಿ ಒಂದು ಸುತ್ತು ಹಾಕುವುದು ನನ್ನ ರೂಢಿ. ಅವತ್ತು ಯಾವುದು ರಾಶಿ ರಾಶಿ ಬಂದಿದೆ, ಯಾವುದು ಕಮ್ಮಿ ಅಂತ ಆ ಸುತ್ತಿನಲ್ಲೇ ತಿಳಿಯುತ್ತದೆ. ಹೊತ್ತು ಏರಿದ ಹಾಗೆ ಬೆಲೆ ಇಳಿಯುವುದು ನಿಜ, ಆದರೆ ಆಗ ಉಳಿದಿರುವುದು ಬೇರೆಯವರು ಆರಿಸಿಬಿಟ್ಟ ಮಾಲು. ಮಾರನೇ ದಿನಕ್ಕೆ ಇಡಬೇಕಾದ ತರಕಾರಿಗೆ ಅದು ಆಗಿಬರುವುದಿಲ್ಲ.

ಮೂಟೆಯ ಬಾಯಲ್ಲಿ ಕಾಣುವುದನ್ನು ನಂಬಬೇಡಿ. ಒಳ್ಳೆಯದು ಮೇಲೆ ಇರುವುದೇ ಹೆಚ್ಚು. ಮೂಟೆಯ ಕೆಳಮೂಲೆ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ, ಹುಳಿ ವಾಸನೆ ಬಂದರೆ ಒಳಗೆ ಕೊಳೆತಿದೆ. ಟೊಮೆಟೊ ಕ್ರೇಟನ್ನು ಎತ್ತಿ ಅಡಿ ನೋಡಿ, ರಸ ಸೋರುತ್ತಿದ್ದರೆ ಕೆಳಗಿನ ಪದರ ಜಜ್ಜಿಹೋಗಿದೆ. ಈರುಳ್ಳಿಯ ಕತ್ತು ಒತ್ತಿದರೆ ಗಟ್ಟಿಯಾಗಿರಬೇಕು. ಬೀನ್ಸ್ ಮುರಿದರೆ ಟಕ್ ಅಂತ ಮುರಿಯಬೇಕು, ಬಾಗಿದರೆ ಬೇಡ. ಆಲೂಗಡ್ಡೆಯಲ್ಲಿ ಹಸಿರು ಬಣ್ಣ ಅಥವಾ ಮೊಳಕೆ ಕಂಡರೆ ಬೇರೆ ಕಡೆ ನೋಡಿ. ಕೇಳಿದರೆ ಹೆಚ್ಚಿನವರು ಒಂದಿಷ್ಟು ಸುರಿದು ತೋರಿಸುತ್ತಾರೆ. ತೋರಿಸದವರ ಹತ್ತಿರ ನಾನು ಕೊಳ್ಳುವುದಿಲ್ಲ.

ತೂಕದ ವಿಷಯದಲ್ಲಿ ಸಂಕೋಚ ಬೇಡ. ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ನೋಡಿ, ಖಾಲಿ ಕ್ರೇಟಿನ ತೂಕ ಕಳೆಯಲು ಹೇಳಿ. ಕ್ರೇಟು ಎರಡು ಕೆಜಿ ಇದ್ದು ತರಕಾರಿ ಇಪ್ಪತ್ತು ಕೆಜಿ ಇದ್ದರೆ, ಕಳೆಯದಿದ್ದಾಗ ತರಕಾರಿಯ ಬೆಲೆಯ ಮೇಲೆ ನೂರಕ್ಕೆ ಹತ್ತರಷ್ಟು ಹೆಚ್ಚು ಹಣ ಪ್ಲಾಸ್ಟಿಕ್ಕಿಗೆ ಕೊಟ್ಟ ಹಾಗೆ.

ಅಲ್ಲಿ ಇಡೀ ಮೂಟೆಯಾಗಿ ಕೊಂಡರೆ ಮಾತ್ರ ಒಳ್ಳೆ ಬೆಲೆ. ನಮಗೆ ಬೇಕಾದದ್ದು 10 ಕೆಜಿ ಕ್ಯಾರೆಟ್, ಮೂಟೆಯಲ್ಲಿದ್ದದ್ದು ಅದಕ್ಕಿಂತ ಬಹಳ. ಉಳಿದದ್ದನ್ನು ಕೊಂಡ ಬೆಲೆಗೇ ತೆಗೆದುಕೊಳ್ಳಲು ಬಡಾವಣೆಯ ಕೆಲವು ಮನೆಯವರು ಮೊದಲೇ ಒಪ್ಪಿದ್ದರು. ಹಾಗೆ ಯಾರೂ ಇಲ್ಲದಿದ್ದರೆ ಮೂಟೆಯ ಅಗ್ಗ ಅಗ್ಗವಲ್ಲ. ಶುಂಠಿ, ಹಸಿಮೆಣಸು, ಸೊಪ್ಪುಗಳನ್ನು ನಾನು ಅಲ್ಲಿ ಮುಟ್ಟುವುದೇ ಇಲ್ಲ. ಬೇಕಾದದ್ದು ಸ್ವಲ್ಪ, ಸೊಪ್ಪು ಒಂದು ದಿನದಲ್ಲಿ ಬಾಡುತ್ತದೆ. ಕಾರ್ಯಕ್ರಮದ ಬೆಳಿಗ್ಗೆ ಹತ್ತಿರದ ಅಂಗಡಿಯಲ್ಲೇ ತಂದೆವು.

ತಂದ ಕೂಡಲೇ ಮೂಟೆಗಳ ಬಾಯಿ ಬಿಚ್ಚಿ ನೆರಳಲ್ಲಿ ಹರಡಿದೆವು. ಒತ್ತಿ ತುಂಬಿದ ಕೋಸು, ಬೀನ್ಸ್ ಒಳಗೊಳಗೇ ಬಿಸಿಯಾಗಿ ಬೇಗ ಕೆಡುತ್ತವೆ. ತೊಳೆಯುವುದು ಮಾತ್ರ ಹೆಚ್ಚುವ ಹೊತ್ತಿಗೆ, ಒದ್ದೆ ತರಕಾರಿ ರಾತ್ರಿ ಕಳೆದರೆ ಲೋಳೆಯಾಗುತ್ತದೆ.

ಕೊನೆಗೆ ಎಲ್ಲ ಖರ್ಚು ಸೇರಿಸಿ ನೋಡಿದೆವು. ಅಂಗಡಿಯಲ್ಲಿ 100 ಆಗುವ ತರಕಾರಿಗೆ 60 ಕೊಟ್ಟಿದ್ದೆವು. ಗಾಡಿ ಬಾಡಿಗೆ, ಹೊರುವವರ ಕೂಲಿ ಸೇರಿ ಇನ್ನೊಂದು 15. ಹಾಗಾಗಿ ಉಳಿದದ್ದು ಕಾಲು ಭಾಗ. ಊಟಕ್ಕೆ ಐವತ್ತೇ ಜನ ಇದ್ದಿದ್ದರೆ ಗಾಡಿ ಬಾಡಿಗೆ ಅಷ್ಟೇ ಇರುತ್ತಿತ್ತು, ಉಳಿತಾಯವನ್ನೆಲ್ಲ ಅದೇ ನುಂಗುತ್ತಿತ್ತು. ಅಂಥ ಸಣ್ಣ ಊಟಕ್ಕೆ ನಾನು ಅಂಗಡಿಯವರ ಹತ್ತಿರವೇ ಒಟ್ಟಿಗೆ ಕೊಳ್ಳುವ ಬೆಲೆ ಕೇಳುತ್ತೇನೆ.