ರಾಜೀನಾಮೆ ಕೊಟ್ಟೆ, ಆದರೂ ಗ್ರಾಚ್ಯುಟಿ ಬಂತು: ಕುಮಟಾದ ಒಬ್ಬ ಟೀಚರ್ ಅನುಭವ

"ನೀವಾಗಿಯೇ ಬಿಟ್ಟು ಹೋಗ್ತಿದ್ದೀರಿ ಅಕ್ಕೋರೆ, ನಾವೇನು ತೆಗೆದುಹಾಕಿಲ್ವಲ್ಲ. ಗ್ರಾಚ್ಯುಟಿ ಎಲ್ಲಿಂದ ಬರ್ತದೆ?"

ಶಾಲೆಯ ಕಚೇರಿಯಲ್ಲಿ ಈ ಮಾತು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕುಮಟಾದ ಒಂದು ಖಾಸಗಿ ಶಾಲೆಯಲ್ಲಿ ಆರೂವರೆ ವರ್ಷ ಗಣಿತ ಕಲಿಸಿದ್ದೆ. ಶಿರಸಿ ಹತ್ತಿರದ ಊರಲ್ಲಿ ಮಾವನವರಿಗೆ ಹುಷಾರಿರಲಿಲ್ಲ, ತೋಟ ನೋಡಿಕೊಳ್ಳುವವರೂ ಇರಲಿಲ್ಲ. ದಿನಾ ದೇವಿಮನೆ ಘಟ್ಟ ಹತ್ತಿಳಿದು ಕೆಲಸ ಮಾಡಲು ಆಗುತ್ತಿರಲಿಲ್ಲ. ಹಾಗಾಗಿ 2022ರ ಕೊನೆಗೆ ಕೆಲಸ ಬಿಡುವುದು ಅಂತ ತೀರ್ಮಾನ ಮಾಡಿದ್ದೆ.

ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಮಾಲೀಕರು ತಮ್ಮ ಕೈಯಿಂದ ಕೊಡಬೇಕಾದ ಹಣ. ಪಿಎಫ್ ಹಾಗೆ ನಮ್ಮ ಸಂಬಳದಿಂದ ತಿಂಗಳು ತಿಂಗಳು ಕಡಿತ ಆಗುವುದಲ್ಲ. ನಿವೃತ್ತಿಯವರೆಗೂ ಇದ್ದರೆ ಮಾತ್ರ ಅಥವಾ ಅವರೇ ತೆಗೆದುಹಾಕಿದರೆ ಮಾತ್ರ ಸಿಗುತ್ತದೆ ಅಂತ ನಾನೂ ತಿಳಿದಿದ್ದೆ. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ ನಾಲ್ಕನೇ ಸೆಕ್ಷನ್ ಓದಿದ ಮೇಲೆ ಗೊತ್ತಾಯಿತು, ಅಲ್ಲಿ ನಿವೃತ್ತಿಯ ಪಕ್ಕದಲ್ಲೇ ರಾಜೀನಾಮೆ ಅನ್ನುವ ಪದವೂ ಇದೆ. ಐದು ವರ್ಷ ನಿರಂತರ ಸೇವೆ ಆಗಿರಬೇಕು, ಅಷ್ಟೇ. ಸಾವು ಅಥವಾ ಅಪಘಾತ, ಕಾಯಿಲೆಯಿಂದ ಅಂಗವೈಕಲ್ಯ ಆದರೆ ಆ ಐದು ವರ್ಷವೂ ಬೇಕಿಲ್ಲ.

ಎರಡನೇ ಆಕ್ಷೇಪ ಬೇರೆ ಥರದ್ದು. "ಶಿಕ್ಷಕರು ಈ ಕಾಯ್ದೆಗೆ ಬರೋದಿಲ್ಲ" ಅಂದರು. ಇದು ಸುಮ್ನೆ ಹೇಳಿದ ಮಾತಲ್ಲ, ಒಂದು ಕಾಲಕ್ಕೆ ನಿಜವೇ ಆಗಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ 'ನೌಕರ' ಅನ್ನುವ ಪದಕ್ಕೆ ಇದ್ದ ಅರ್ಥದಲ್ಲಿ ಶಿಕ್ಷಕರು ಸೇರುವುದಿಲ್ಲ ಎಂದಿತ್ತು. ಆಮೇಲೆ ಸಂಸತ್ತು 2009ರಲ್ಲಿ ಆ ಅರ್ಥವನ್ನೇ ತಿದ್ದಿತು. ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅನ್ವಯ ಅಂತಲೂ ಬರೆಯಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಶಾಲೆ ಆದರೆ ಸಾಕು. ಶಿಕ್ಷಕರಷ್ಟೇ ಅಲ್ಲ, ಆಯಾ, ಗುಮಾಸ್ತ, ಶಾಲೆಯೇ ನೇಮಿಸಿಕೊಂಡ ವ್ಯಾನ್ ಡ್ರೈವರ್ ಎಲ್ಲರೂ ಇದರಲ್ಲಿ ಬರುತ್ತಾರೆ. ನಾನು ಕೆಲಸ ಬಿಡುವ ನಾಲ್ಕು ತಿಂಗಳ ಹಿಂದಷ್ಟೇ ಆ ತೀರ್ಪು ಬಂದಿತ್ತು. ಅದರ ಪತ್ರಿಕಾ ವರದಿಯನ್ನು ಕತ್ತರಿಸಿ ನನ್ನ ಫೈಲ್‌ಗೆ ಹಾಕಿಕೊಂಡೆ.

ನಿಜವಾಗಿ ತಲೆನೋವಾಗಿದ್ದು ಮೂರನೆಯದು. ನಮ್ಮ ಕಡೆ ಎಷ್ಟೋ ಖಾಸಗಿ ಶಾಲೆಗಳಲ್ಲಿ ಇದೇ ಪದ್ಧತಿ ಇದೆ. ಪ್ರತಿ ವರ್ಷ ಜೂನ್ ಮೊದಲ ವಾರ ಹೊಸ ನೇಮಕಾತಿ ಪತ್ರ, ಏಪ್ರಿಲ್ 10ಕ್ಕೆ ಅವಧಿ ಮುಗಿಯಿತು ಅಂತ ಬರೆದಿರುತ್ತದೆ. ಮೇ ತಿಂಗಳ ಸಂಬಳ ಇಲ್ಲ. ಮತ್ತೆ ಜೂನ್‌ನಲ್ಲಿ ಅದೇ ಶಾಲೆ, ಅದೇ ತರಗತಿ, ಹೊಸ ಪತ್ರ. ನನ್ನ ಹತ್ತಿರ ಅಂಥ ಏಳು ಪತ್ರ ಇದ್ದವು. "ಹತ್ತು ತಿಂಗಳ ನೇಮಕ ಏಳು ಸಲ ಆಗಿದೆ, ಐದು ವರ್ಷ ಸೇವೆ ಎಲ್ಲಿ ಆಯ್ತು?" ಅಂದರು.

ಇದಕ್ಕೆ ಉತ್ತರ ಅದೇ ಕಾಯ್ದೆಯ 2ಎ ಸೆಕ್ಷನ್‌ನಲ್ಲಿ ಸಿಕ್ಕಿತು. ನಡುವೆ ಬಿಡುವು ಬಂದಿದ್ದರೂ, ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದನ್ನು ಒಂದು ವರ್ಷದ ನಿರಂತರ ಸೇವೆ ಅಂತಲೇ ಲೆಕ್ಕ ಹಿಡಿಯಬೇಕು. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಯಾದರೆ 190 ದಿನ ಸಾಕು. ನಮ್ಮದು ಶನಿವಾರವೂ ನಡೆಯುವ ಶಾಲೆ, ಹಾಗಾಗಿ 240 ದಿನ. ನಾನು ಸೇರಿದ್ದು 2016ರ ಜೂನ್ 6. ಅಲ್ಲಿಂದ ಮುಂದಿನ ಏಪ್ರಿಲ್ 10ರವರೆಗೆ ಎಣಿಸಿದರೆ 309 ದಿನ. ಸಂಬಳ ಸಿಗುವ ಭಾನುವಾರ, ಹಬ್ಬದ ರಜೆ, ದಸರಾ ರಜೆ ಎಲ್ಲ ಇದರಲ್ಲಿ ಸೇರುತ್ತವೆ. ಸಂಬಳ ಕಳೆದು ಹಾಕಿದ ರಜೆ ನನಗೆ ಯಾವ ವರ್ಷವೂ ಹದಿನೈದು ದಿನ ದಾಟಿರಲಿಲ್ಲ. ಅಂದರೆ ಪ್ರತಿ ವರ್ಷವೂ 240 ಆರಾಮವಾಗಿ ದಾಟುತ್ತಿತ್ತು.

ದಾಖಲೆಯಾಗಿ ಜಾಸ್ತಿ ಕೆಲಸಕ್ಕೆ ಬಂದಿದ್ದು ಪಿಎಫ್ ಪಾಸ್‌ಬುಕ್. ಅದರಲ್ಲಿ ಸೇರಿದ ದಿನಾಂಕ ಒಂದೇ ಇತ್ತು, 2016ರ ಜೂನ್ 6. ಆರು ವರ್ಷವೂ ಒಂದೇ ಮೆಂಬರ್ ನಂಬರ್. ಪ್ರತಿ ಏಪ್ರಿಲ್‌ಗೆ ಸೇವೆ ನಿಜವಾಗಿಯೂ ಮುಗಿದಿದ್ದರೆ ಶಾಲೆಯವರು ಅಲ್ಲಿ ಬಿಟ್ಟ ದಿನಾಂಕ ಹಾಕಬೇಕಿತ್ತಲ್ವಾ? ಒಮ್ಮೆಯೂ ಹಾಕಿರಲಿಲ್ಲ. ಅದರ ಪ್ರಿಂಟ್, ಬ್ಯಾಂಕ್ ಪಾಸ್‌ಬುಕ್‌ನ ಸಂಬಳದ ಪುಟಗಳು, ಏಳು ನೇಮಕಾತಿ ಪತ್ರ. ಇಷ್ಟನ್ನು ಕೆಲಸದಲ್ಲಿ ಇರುವಾಗಲೇ ಜೆರಾಕ್ಸ್ ಮಾಡಿಟ್ಟುಕೊಂಡೆ. ಬಿಟ್ಟ ಮೇಲೆ ಕಚೇರಿಯಿಂದ ಒಂದು ಹಾಳೆ ಸಿಗುವುದೂ ಕಷ್ಟ.

ಇನ್ನು ದಿನಾಂಕದ ವಿಷಯ. ಮೊದಲು ನಾನು ನವೆಂಬರ್ 30 ಕೊನೆಯ ದಿನ ಅಂತ ಯೋಚಿಸಿದ್ದೆ. ಲೆಕ್ಕ ಹಾಕಿ ನೋಡಿದೆ. ಜೂನ್ 6ಕ್ಕೆ ಆರು ವರ್ಷ ಮುಗಿದಿತ್ತು. ನವೆಂಬರ್ 30ಕ್ಕೆ ಅದರ ಮೇಲೆ ಆರು ತಿಂಗಳು ತುಂಬುವುದಿಲ್ಲ. ಆರು ತಿಂಗಳಿಗಿಂತ ಹೆಚ್ಚಾದ ಭಾಗವನ್ನು ಮಾತ್ರ ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ, ಕಡಿಮೆ ಇದ್ದರೆ ಬಿಟ್ಟುಬಿಡುತ್ತಾರೆ. ಒಂದು ವಾರದ ಸಲುವಾಗಿ ಒಂದು ವರ್ಷದ ಹಣ ಹೋಗುತ್ತಿತ್ತು. ಮನೆಯಲ್ಲಿ ಮಾತಾಡಿ, ಕೊನೆಯ ದಿನ ಡಿಸೆಂಬರ್ 17 ಅಂತ ಬರೆದು, ಒಂದು ತಿಂಗಳ ಮುಂಚೆ ರಾಜೀನಾಮೆ ಕೊಟ್ಟೆ. ನನ್ನ ಪ್ರತಿಯ ಮೇಲೆ ಶಾಲೆಯ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡೆ. ಹೇಳದೆ ಕೇಳದೆ ಹೋಗುವುದನ್ನು ನಿಲ್ಲಿಸಿಬಿಟ್ಟರೆ ಯಾವತ್ತು ಬಿಟ್ಟರು, ಯಾಕೆ ಬಿಟ್ಟರು ಅನ್ನುವುದೇ ಜಗಳ ಆಗುತ್ತದೆ.

ಕೊನೆಯ ದಿನ ಅನುಭವ ಪ್ರಮಾಣಪತ್ರ ಕೊಡುವ ಮೊದಲು ಒಂದು ಹಾಳೆ ಮುಂದಿಟ್ಟರು. "ಶಾಲೆಯಿಂದ ನನಗೆ ಯಾವ ಬಾಕಿಯೂ ಇಲ್ಲ" ಅಂತ ಅದರಲ್ಲಿ ಟೈಪ್ ಆಗಿತ್ತು. ನಾನು ಅದರ ಕೆಳಗೆ ಕೈಯಿಂದ "ಗ್ರಾಚ್ಯುಟಿ ಬಾಕಿ ಇದೆ" ಎಂದು ಬರೆದು ಸಹಿ ಹಾಕಿದೆ. ಗುಮಾಸ್ತರಿಗೆ ಇಷ್ಟವಾಗಲಿಲ್ಲ, ಆದರೆ ಹಾಳೆ ವಾಪಸ್ ಕೊಡಲಿಲ್ಲ. ಕಾಯ್ದೆಯ ಹಕ್ಕನ್ನು ಇಂಥ ಒಪ್ಪಂದದಿಂದ ತಪ್ಪಿಸಲು ಬರುವುದಿಲ್ಲ. ಹಾಗಂತ ಖಾಲಿ ಸಹಿ ಹಾಕಿ ಆಮೇಲೆ ವಾದ ಮಾಡುವುದಕ್ಕಿಂತ ಅಲ್ಲೇ ಒಂದು ಸಾಲು ಬರೆಯುವುದು ಸುಲಭ.

ಮೂರು ದಿನ ಬಿಟ್ಟು 'ಐ' ನಮೂನೆಯ ಅರ್ಜಿಯನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆ. ಅದು ಒಂದೇ ಪುಟದ್ದು. ಹೆಸರು, ವಿಳಾಸ, ಸೇರಿದ ದಿನ, ಬಿಟ್ಟ ದಿನ, ಕಾರಣ, ಕೊನೆಯ ಸಂಬಳ, ಕೇಳುವ ಮೊತ್ತ, ಅಷ್ಟೇ. ಕೆಲಸ ಬಿಟ್ಟ 30 ದಿನದೊಳಗೆ ಕೊಡಬೇಕು ಅಂತ ನಿಯಮ. ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ, ಆದರೂ ಆ ಮಾತಿಗೆ ಅವಕಾಶ ಯಾಕೆ ಕೊಡಬೇಕು?

ಮೊತ್ತದ ಲೆಕ್ಕ ಹೀಗೆ. ನನಗೆ ಕೈಗೆ ಬರುತ್ತಿದ್ದುದು ಸುಮಾರು 18,000. ಆದರೆ ಗ್ರಾಚ್ಯುಟಿಗೆ ಬೇಸಿಕ್ ಮತ್ತು ಡಿಎ ಮಾತ್ರ, ಮನೆ ಬಾಡಿಗೆ ಭತ್ಯೆ ಸೇರುವುದಿಲ್ಲ. ಬೇಸಿಕ್, ಡಿಎ ಸೇರಿ 13,000 ಇತ್ತು. ತಿಂಗಳಿಗೆ 26 ದಿನ ಅಂತ ಭಾಗಿಸಿದರೆ ದಿನಕ್ಕೆ 500. ಒಂದು ವರ್ಷಕ್ಕೆ 15 ದಿನದ ಸಂಬಳ, ಅಂದರೆ 7,500. ಏಳು ವರ್ಷಕ್ಕೆ 52,500.

ಜನವರಿ 16ಕ್ಕೆ 30 ದಿನ ಮುಗಿಯಿತು. ಏನೂ ಬರಲಿಲ್ಲ. ಫೆಬ್ರವರಿಯಲ್ಲಿ ಫೋನ್ ಮಾಡಿ, "ಮಾನವೀಯತೆಯಿಂದ 45,500 ಕೊಡ್ತೇವೆ" ಅಂದರು. ಆ ಅಂಕಿ ಕೇಳಿದ ಕೂಡಲೇ ಎಲ್ಲಿಂದ ಬಂತು ಅಂತ ಗೊತ್ತಾಯಿತು. 13,000ವನ್ನು 26ರ ಬದಲು 30ರಿಂದ ಭಾಗಿಸಿದ್ದರು. ಹಾಗೆ ಮಾಡಿದರೆ ವರ್ಷಕ್ಕೆ 6,500 ಬರುತ್ತದೆ. ಏಳು ವರ್ಷಕ್ಕೆ 7,000 ಕಡಿಮೆ. ತಿಂಗಳ ಸಂಬಳದವರಿಗೆ 26ರಿಂದಲೇ ಭಾಗಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಇನ್ನೊಂದು ವಿಷಯ ಗಮನಿಸಿ. ಅವರು ಏಳರಿಂದ ಗುಣಿಸಿದ್ದರು. ಅಂದರೆ ನನ್ನ ಸೇವೆ ಏಳು ವರ್ಷದ್ದು ಅಂತ ತಾವೇ ಒಪ್ಪಿಕೊಂಡ ಹಾಗಾಯಿತು. ಆ ಲೆಕ್ಕವನ್ನು ವಾಟ್ಸ್‌ಆಪ್‌ನಲ್ಲಿ ಬರೆದು ಕಳಿಸಿ ಅಂದೆ, ಕಳಿಸಿದರು.

ಕಾರವಾರಕ್ಕೆ ಹೋಗಿ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಫೈಲ್ ತೋರಿಸಿದೆ. ಮಾಲೀಕರು ಕೊಡದಿದ್ದರೆ ಗ್ರಾಚ್ಯುಟಿ ತಕರಾರು ತೀರ್ಮಾನಿಸುವ ನಿಯಂತ್ರಣ ಪ್ರಾಧಿಕಾರಕ್ಕೆ 'ಎನ್' ನಮೂನೆಯಲ್ಲಿ ಅರ್ಜಿ ಹಾಕಬೇಕು, ವಕೀಲರು ಇರಲೇಬೇಕು ಅಂತಿಲ್ಲ ಎಂದು ತಿಳಿಸಿಕೊಟ್ಟರು. ವಾಪಸ್ ಬಂದು ಶಾಲೆಗೆ ಎರಡನೇ ಪತ್ರ ಬರೆದೆ. ಭರ್ತಿ ಮಾಡಿದ 'ಎನ್' ನಮೂನೆಯ ಪ್ರತಿಯನ್ನೂ ಲಗತ್ತಿಸಿದೆ. ತಡವಾದ ದಿನಗಳಿಗೆ ವರ್ಷಕ್ಕೆ ಶೇ. 10ರ ಸರಳ ಬಡ್ಡಿ ಕೊಡಬೇಕು, ನನ್ನ ಲೆಕ್ಕದಲ್ಲಿ ಅದು ತಿಂಗಳಿಗೆ 437 ರೂಪಾಯಿ 50 ಪೈಸೆ ಅಂತ ಬರೆದೆ. ಮೇ 16ಕ್ಕೆ ಬ್ಯಾಂಕ್ ಖಾತೆಗೆ 54,250 ಬಂತು. ನಾಲ್ಕು ತಿಂಗಳ ಬಡ್ಡಿ 1,750 ಅದರಲ್ಲಿ ಸೇರಿತ್ತು.

ಈಗ ಕಾನೂನು ಸ್ವಲ್ಪ ಬದಲಾಗಿದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1972ರ ಕಾಯ್ದೆಯ ಜಾಗ ತೆಗೆದುಕೊಂಡಿದೆ. ಕಾಯಂ ನೌಕರರು ರಾಜೀನಾಮೆ ಕೊಟ್ಟರೆ ಐದು ವರ್ಷದ ನಿಯಮ ಹಾಗೇ ಇದೆ, 26ರ ಲೆಕ್ಕವೂ ಹಾಗೇ ಇದೆ. ಆದರೆ ನಿಗದಿತ ಅವಧಿಗೆ ನೇಮಕ ಆದವರಿಗೆ ಐದು ವರ್ಷ ಬೇಕಿಲ್ಲ, ಒಂದು ವರ್ಷದ ಸೇವೆಗೂ ಪಾಲು ಬರುತ್ತದೆ. ವರ್ಷ ವರ್ಷ ಹೊಸ ಪತ್ರ ಕೊಡುವ ಶಾಲೆಗಳು ಇದನ್ನು ಗಮನಿಸಲೇಬೇಕು. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಹೆಚ್ಚಾದಷ್ಟನ್ನು ಗ್ರಾಚ್ಯುಟಿಯ ಸಂಬಳಕ್ಕೆ ಸೇರಿಸಬೇಕು ಅನ್ನುವುದೂ ಹೊಸದು.

ನನಗೆ ಹಣ ಬರುವ ಮೊದಲೇ, ಅದೇ ಶಾಲೆಯ ಕನ್ನಡ ಅಕ್ಕೋರು ಫೋನ್ ಮಾಡಿದ್ದರು. ಅವರು ಸೇರಿದ್ದು 2018ರ ಜೂನ್ 11. ಮಾರ್ಚ್ ಪರೀಕ್ಷೆ ಮುಗಿಸಿ, 2023ರ ಏಪ್ರಿಲ್ 10ಕ್ಕೆ ಬಿಡುವುದು ಅವರ ಯೋಚನೆ. ನಾಲ್ಕು ವರ್ಷ ಹತ್ತು ತಿಂಗಳು! ಜೂನ್‌ನಲ್ಲಿ ಸೇರಿ ಏಪ್ರಿಲ್‌ನಲ್ಲಿ ಬಿಡುವ ಟೀಚರುಗಳು ಎಡವುವ ಜಾಗವೇ ಇದು. ಐದನೇ ವರ್ಷದಲ್ಲಿ 240 ದಿನ ಆಗಿದ್ದರೆ ಐದು ವರ್ಷ ಆದಂತೆಯೇ ಅಂತ ಮದ್ರಾಸ್ ಹೈಕೋರ್ಟ್ ಹೇಳಿದ್ದಿದೆ. ಆದರೆ ಅದನ್ನು ನಂಬಿಕೊಂಡು ಬಿಟ್ಟರೆ ಮಾಲೀಕರು ಒಪ್ಪದೆ ಕೇಸು ಎಳೆಯಬಹುದು. ಎರಡು ತಿಂಗಳು ಕಾಯಲು ಸಾಧ್ಯ ಇದ್ದರೆ ಕಾಯಿರಿ ಅಂದೆ. ಅವರು ಮೇ 17ಕ್ಕೆ ರಾಜೀನಾಮೆ ಕೊಟ್ಟು, ಕೊನೆಯ ದಿನ ಜೂನ್ 17 ಅಂತ ಬರೆದರು. ಶಾಲೆ ಶುರುವಾದ ಮೇಲೆ ಹೊಸ ಮಕ್ಕಳಿಗೆ ಸ್ವಲ್ಪ ದಿನ ಪಾಠ ಮಾಡಿ ಬಿಟ್ಟರು. ಅವರ ಬೇಸಿಕ್, ಡಿಎ 10,400. ದಿನಕ್ಕೆ 400, ವರ್ಷಕ್ಕೆ 6,000, ಐದು ವರ್ಷಕ್ಕೆ 30,000. ಜುಲೈ ಎರಡನೇ ವಾರ ಚೆಕ್ ಬಂತು. ಈ ಸಲ ಭಾಗಿಸಿದ್ದು 26ರಿಂದಲೇ.