ಮಾಯಿಶ್ಚರ್ ಮೀಟರ್‌ನ ಓವನ್ ಜೊತೆ ತಾಳೆ ನೋಡಿದ ನನ್ನ ಅನುಭವ

ದಾವಣಗೆರೆ ಹತ್ರ ಮೆಕ್ಕೆಜೋಳ ಖರೀದಿ ಮಾಡೋ ಗೋಡೌನಲ್ಲಿ ತೇವಾಂಶ ನೋಡೋ ಕೆಲಸ ನಂದು. ನಮ್ಮಲ್ಲಿ ತೇವ 14 ಪರ್ಸೆಂಟ್ ಮೇಲೆ ಹೋದ್ರೆ ರೇಟಲ್ಲಿ ಕಡಿತ, ಹಂಗಾಗಿ ಅರ್ಧ ಪಾಯಿಂಟ್ ತಪ್ಪಿದ್ರೂ ಅದು ರೈತನ ದುಡ್ಡು.

ಹೋದ ಸೀಸನ್ನಲ್ಲಿ ಒಬ್ರು ರೈತರು ರೋಡಲ್ಲಿ ಒಣಗಿಸಿದ ಮೆಕ್ಕೆಜೋಳ ಮಧ್ಯಾಹ್ನ ತಂದು ತೋರಿಸಿದ್ರು, ಮೀಟರ್ 13.6 ಅಂತು. ಮಾರನೇ ದಿನ ಅದೇ ರಾಶಿ ಟ್ರ್ಯಾಕ್ಟರಲ್ಲಿ ಬಂತು, 14.7! "ನಿನ್ನೆ ಒಂದು ಇವತ್ತೊಂದು ತೋರಿಸಿದ್ರೆ ನಿಮ್ಮ ಮಶೀನ್ ಹೆಂಗಣ್ಣ ನಂಬೋದು" ಅಂದ್ರು, ನನ್ ಹತ್ರ ಉತ್ತರ ಇರ್ಲಿಲ್ಲ. ಹಿಂದಿನ ದಿನದ ಸ್ಯಾಂಪಲ್ ಗಾಳಿ ಹೋಗದ ಡಬ್ಬಿಲಿ ಇಟ್ಟಿದ್ದೆ, ಪೂರ್ತಿ ಒಣಗಿಸಿ ಎಷ್ಟು ನೀರಿತ್ತು ಅಂತ ತೂಕದಲ್ಲೇ ನೋಡೋಣ ಅಂತ ಅದನ್ನೇ ಓವನ್ನಿಗೆ ಹಾಕ್ದೆ.

ಇಡೀ ಕಾಳು 15.00 ಗ್ರಾಂ, 103 ಡಿಗ್ರಿ ಸೆಲ್ಸಿಯಸ್, 72 ಗಂಟೆ. ಮಿಕ್ಸಿಗೆ ಹಾಕಿ ಪುಡಿ ಮಾಡ್ಲಿಲ್ಲ, ಬಿಸಿಯಾಗಿ ಅಲ್ಲೇ ನೀರು ಹಾರಿಹೋಗುತ್ತೆ. ತೆಗೆದ ತಕ್ಷಣ ಮುಚ್ಚಳ ಹಾಕಿ ಡಿಸಿಕೇಟರಲ್ಲಿ, ಅಂದ್ರೆ ಗಾಳಿಯ ತೇವ ತಾಗದ ಮುಚ್ಚಿದ ಪಾತ್ರೇಲಿ, ತಣ್ಣಗಾಗೋಕೆ ಬಿಟ್ಟು ಆಮೇಲೇ ತೂಕ, ಯಾಕಂದ್ರೆ ಬಿಸಿ ತಟ್ಟೆ ತಕ್ಕಡೀಲಿ ಸರಿಯಾದ ತೂಕ ತೋರ್ಸಲ್ಲ. ಉಳಿದಿದ್ದು 12.87 ಗ್ರಾಂ, ಅಂದ್ರೆ 2.13 ಹೋಯ್ತು, 15ರಿಂದ ಭಾಗಿಸಿದ್ರೆ 14.2 ಪರ್ಸೆಂಟ್. ಇನ್ನೆರಡು ತಟ್ಟೇಲೂ ಹೆಚ್ಚುಕಮ್ಮಿ ಅದೇ ಬಂತು.

ಅಂದ್ರೆ ಮೊದಲ ದಿನ 0.6 ಕಮ್ಮಿ, ಎರಡನೇ ದಿನ 0.5 ಜಾಸ್ತಿ. ಮೊದಲನೇದನ್ನ ನಂಬಿ ಮೀಟರ್ ಏರಿಸಿದ್ರೆ ಪೂರ್ತಿ ಉಲ್ಟಾ ಆಗ್ತಿತ್ತು! ಬಿಸಿಲಿಂದ ಈಗಷ್ಟೇ ತೆಗೆದ ಕಾಳಿನ ಸಿಪ್ಪೆ ಒಣಗಿರುತ್ತೆ, ಒಳಗೆ ಹಸಿ ಇರುತ್ತೆ, ಮೀಟರ್ ಒಣಗಿದ್ದು ಅನ್ಕೊಳ್ಳುತ್ತೆ. ರಾತ್ರಿ ಕಳೆದ್ರೆ ಒಳಗಿನ ತೇವ ಹೊರಗೆ ಬಂದು ಸಮ ಆಗುತ್ತೆ.

ಸರಿ, ಕ್ಯಾಲಿಬ್ರೇಶನ್ ಮಾಡೋಣ ಅಂತ ಬೇರೆಬೇರೆ ತೇವದ ಸ್ಯಾಂಪಲ್ ಬೇಕಿತ್ತು, ಒಣ ಜೋಳಕ್ಕೆ ನೀರು ಚಿಮುಕಿಸಿ ಕಲಸಿ ಬೆಳಿಗ್ಗೆ ನೋಡ್ದೆ. ಮೀಟರ್ 18.3, ಓವನ್ 16.4. ನೀರೆಲ್ಲ ಸಿಪ್ಪೆ ಹತ್ರಾನೇ ಇತ್ತು, ಮೊದಲಿನ ತಪ್ಪೇ ಉಲ್ಟಾ ದಿಕ್ಕಲ್ಲಿ. ಒಣದು ಹಸಿದು ಬೆರೆಸಿ ಮಧ್ಯದ ತೇವ ಮಾಡೋಕೂ ಹೋಗ್ಬೇಡಿ, ಕಾಳು ಕಾಳಿಗೂ ಬೇರೆ ಇರುತ್ತೆ.

ಕೊನೆಗೆ ಒಂದೇ ಹೊಲದ ಜೋಳ ಒಣಗ್ತಾ ಇದ್ದಂಗೆ ಐದು ಹಂತದಲ್ಲಿ ತಂದೆ, 12ರಿಂದ 17ರವರೆಗೆ. ಡಬ್ಬಿ ಬಾಯಿವರೆಗೂ ತುಂಬಿ ಎರಡು ದಿನ ಫ್ರಿಜ್ಜಲ್ಲಿಟ್ಟು, ಹೊರಗೆ ತೆಗೆದ ಮೇಲೂ ರೂಮಿನ ಬಿಸಿಗೆ ಬರೋವರೆಗೆ ಮುಚ್ಚಳ ತೆಗೀಲಿಲ್ಲ, ತೆಗೆದ್ರೆ ತಣ್ಣನೆ ಕಾಳಿನ ಮೇಲೆ ಬೆವರು ಕೂರುತ್ತೆ. ಮೀಟರಿಗೆ ಪ್ರತಿಯೊಂದನ್ನೂ ಮೂರು ಸಲ ಹೊಸದಾಗಿ ಸುರಿದು ಸರಾಸರಿ ತಗೊಂಡೆ. ಐದರಲ್ಲೂ ಓವನ್ನಿಗಿಂತ 0.4ರಿಂದ 0.6 ಜಾಸ್ತಿ ಬಂತು, ಹಂಗಾಗಿ ಮೆಕ್ಕೆಜೋಳದ ಸೆಟ್ಟಿಂಗಲ್ಲಿ ಮಾತ್ರ 0.5 ಇಳಿಸ್ದೆ. ಭತ್ತ, ರಾಗಿ ಸೆಟ್ಟಿಂಗ್ ಮುಟ್ಟಲಿಲ್ಲ, 17ರ ಮೇಲಿನ ಹಸಿ ಜೋಳಕ್ಕೆ ಈ ತಿದ್ದುಪಡಿ ನಂಬೋದೂ ಇಲ್ಲ.

ಈಗ ಬಿಸಿಲಿಂದ ನೇರ ಬಂದ ಸ್ಯಾಂಪಲ್ಲಿಗೆ ಅವತ್ತೇ ನಂಬರ್ ಹೇಳಲ್ಲ, ಡಬ್ಬಿ ಮೇಲೆ ರೈತರ ಹೆಸರು ಬರೆದಿಟ್ಟು ಬೆಳಿಗ್ಗೆ ಅವರ ಮುಂದೇನೇ ನೋಡ್ತೀನಿ.